ಸಲಹೆ ಕೇಳಿ ಹತ್ತಿರವಾಗುವುದು: ಸೀರೆಯಿಂದ ಸಿನಿಮಾವರೆಗೆ

"ಅಮ್ಮನಿಗೆ ಏನಾದ್ರೂ ಗಿಫ್ಟ್ ಕೊಡಬೇಕು, ಏನು ಕೊಡಲಿ?" ಅಂತ ಕ್ರಶ್‌ಗೆ ಮೆಸೇಜ್ ಹಾಕಿದರೆ "ಸೀರೆ ಕೊಡಿ" ಅಂತ ಉತ್ತರ ಬರುತ್ತದೆ. ನೀವು "ಥ್ಯಾಂಕ್ಸ್" ಅನ್ನುತ್ತೀರಿ, ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ. ಮಾತು ಅಲ್ಲಿಗೆ ಮುಗಿಯಿತು. ಸಲಹೆ ಕೇಳುವುದರಿಂದ ಸಲಿಗೆ ಬೆಳೆಯುತ್ತದೆ ಅಂತ ಕೇಳಿ ಪ್ರಯತ್ನಿಸಿದ ಬಹಳಷ್ಟು ಜನ ಇಲ್ಲೇ ನಿಂತುಬಿಡುತ್ತಾರೆ. ಕೇಳಿದ ಪ್ರಶ್ನೆ ಬರಿಗೈಯಲ್ಲಿ ಹೋಗಿತ್ತು, ಸಿಕ್ಕ ಉತ್ತರ ಏನಾಯಿತು ಅಂತ ಆ ಕಡೆಯವರಿಗೆ ತಿಳಿಯಲೇ ಇಲ್ಲ.

ಬೆಂಜಮಿನ್ ಫ್ರಾಂಕ್ಲಿನ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. 18ನೇ ಶತಮಾನದ ಪೆನ್ಸಿಲ್ವೇನಿಯಾದಲ್ಲಿ, ತಮ್ಮನ್ನು ವಿರೋಧಿಸುತ್ತಿದ್ದ ಶಾಸನಸಭೆಯ ಸದಸ್ಯರೊಬ್ಬರ ಬಳಿ ಒಂದು ಅಪರೂಪದ ಪುಸ್ತಕ ಇದೆಯೆಂದು ತಿಳಿದು, ಅದನ್ನು ಕೆಲವು ದಿನಕ್ಕೆ ಕೊಡುವಿರಾ ಎಂದು ಕೇಳಿದರು. ಪುಸ್ತಕ ಕೂಡಲೇ ಬಂತು. ಸುಮಾರು ಒಂದು ವಾರದಲ್ಲಿ, ಉಪಕಾರ ನೆನೆದ ಚೀಟಿಯೊಂದಿಗೆ ಹಿಂದಿರುಗಿಸಿದರು. ಮುಂದಿನ ಸಲ ಸಿಕ್ಕಾಗ ಆ ಮನುಷ್ಯ ತಾನಾಗಿ ಬಂದು ಮಾತಾಡಿಸಿದ, ಕೊನೆಯವರೆಗೂ ಗೆಳೆಯನಾಗಿ ಉಳಿದ. ಈ ಕಥೆ ಹೇಳುವವರು ಪುಸ್ತಕ ಕೇಳಿದ್ದನ್ನಷ್ಟೇ ಹೇಳಿ ಬಿಡುತ್ತಾರೆ. ವಾರದೊಳಗೆ ಹಿಂದಿರುಗಿಸಿ ಚೀಟಿ ಬರೆದದ್ದೂ ಅಷ್ಟೇ ಮುಖ್ಯ. ಸಲಹೆಯ ವಿಷಯದಲ್ಲೂ ಹಾಗೆಯೇ: ಕೇಳುವುದು ಅರ್ಧ ಕೆಲಸ, ಹೇಳಿದಂತೆ ನಡೆದು ಏನಾಯಿತೆಂದು ಹೋಗಿ ಹೇಳುವುದು ಇನ್ನರ್ಧ. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡನೇ ಅರ್ಧವನ್ನು ಗಮನದಲ್ಲಿಟ್ಟುಕೊಂಡು ಹೇಳಿದವು.

ನಿಜವಾದ ಅಗತ್ಯ ಹುಡುಕಿ

ಮೊದಲ ನಿಯಮ ಸರಳ. ಇಲ್ಲದ ತಂಗಿಯ ಹುಟ್ಟುಹಬ್ಬ ಹುಟ್ಟಿಸಬೇಡಿ. ಮೇಲ್ನೋಟಕ್ಕೆ ಸಣ್ಣ ಸುಳ್ಳು. ಆದರೆ ಒಳ್ಳೆಯ ಸಲಹೆ ಕೊಡುವವರು ಖಂಡಿತ ಮರುಪ್ರಶ್ನೆ ಕೇಳುತ್ತಾರೆ: ವಯಸ್ಸೆಷ್ಟು, ಯಾವ ಬಣ್ಣ ಇಷ್ಟ, ಹೋದ ವರ್ಷ ಏನು ಕೊಟ್ಟಿದ್ರಿ? ಆಮೇಲೆ "ಫೋಟೋ ಕಳಿಸಿ" ಅನ್ನುತ್ತಾರೆ. ಒಂದು ಸುಳ್ಳಿಗೆ ನಾಲ್ಕು ಸುಳ್ಳು ಸೇರಿಸಬೇಕಾಗುತ್ತದೆ. ಮೂರು ತಿಂಗಳ ನಂತರ ಮಾತಿನ ನಡುವೆ ನಿಮಗೆ ತಂಗಿಯೇ ಇಲ್ಲ ಅಂತ ಗೊತ್ತಾದ ದಿನ ಅಲ್ಲಿಯವರೆಗಿನ ಎಲ್ಲ ಮಾತೂ ಅನುಮಾನಕ್ಕೆ ಬೀಳುತ್ತದೆ.

ಅಗತ್ಯ ಹುಡುಕುವುದು ಕಷ್ಟವೇನಲ್ಲ. ನಮ್ಮಲ್ಲಿ ವರ್ಷವಿಡೀ ಕೊಡುವ ತರುವ ಸಂದರ್ಭಗಳೇ: ಅಕ್ಕನ ಸೀಮಂತ, ಗೆಳೆಯನ ಗೃಹಪ್ರವೇಶ, ಗೌರಿ ಹಬ್ಬಕ್ಕೆ ತಂಗಿಗೆ ಕೊಡುವ ಉಡುಗೊರೆ. ಇವುಗಳಲ್ಲಿ ನಿಮ್ಮ ಕ್ರಶ್‌ಗೆ ನಿಜವಾಗಿ ಏನಾದರೂ ಗೊತ್ತಿರುವ ವಿಷಯಕ್ಕೆ ತಾಗುವಂಥದ್ದನ್ನು ಆರಿಸಿ. ಅವರು ಗಿಡ ಬೆಳೆಸುವವರಾದರೆ ಗೃಹಪ್ರವೇಶಕ್ಕೆ ಯಾವ ಗಿಡ ಅಂತ ಕೇಳಬಹುದು. ಪುಸ್ತಕ ಓದುವವರಾದರೆ ಅಣ್ಣನ ಹತ್ತು ವರ್ಷದ ಮಗನಿಗೆ ಯಾವ ಪುಸ್ತಕ ಅಂತ ಕೇಳಬಹುದು. "ಈ ಪ್ರಶ್ನೆಯನ್ನು ಯಾಕೆ ನನ್ನನ್ನೇ ಕೇಳ್ತಿದ್ದಾರೆ" ಅನ್ನುವುದಕ್ಕೆ ಪ್ರಶ್ನೆಯೊಳಗೇ ಉತ್ತರ ಇರಬೇಕು. ಆ ಉತ್ತರವೇ ನಿಮ್ಮ ಮೊದಲ ಮೆಚ್ಚುಗೆಯ ಮಾತು. ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ, ಮೊದಲಿಂದ

ತುಮಕೂರು ಕಡೆಯ ಹುಡುಗ, ಬೆಂಗಳೂರಲ್ಲಿ ಕೆಲಸ. ಅವನಿಗೆ ಇಷ್ಟವಾದ ಹುಡುಗಿ ಧಾರವಾಡದವಳು, ಬೇರೆ ಕಂಪನಿ, ಗೆಳೆಯರ ಗುಂಪಿನಲ್ಲಿ ಪರಿಚಯ. ಇಬ್ಬರೂ ಇನ್ನೂ "ನೀವು" ಅನ್ನುವ ಹಂತದಲ್ಲಿದ್ದಾರೆ. ಅವನ ಅಮ್ಮ ಸರ್ಕಾರಿ ಶಾಲೆಯ ಶಿಕ್ಷಕಿ, 60 ತುಂಬಿ ಈ ತಿಂಗಳ ಕೊನೆಯ ದಿನ ನಿವೃತ್ತಿ. ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ ಇದೆ. ಹುಡುಗಿ ಒಮ್ಮೆ ಗೆಳತಿಯ ಮದುವೆಗೆ ಉಟ್ಟಿದ್ದ ಇಳಕಲ್ ಸೀರೆಯ ಬಗ್ಗೆ ಗುಂಪಿನಲ್ಲಿ ಕೇಳಿದವರಿಗೆಲ್ಲ ಅಭಿಮಾನದಿಂದ ವಿವರಿಸಿದ್ದಳು.

ಅವನು ಕೇಳಬೇಕಾದ ದಿನ ತಿಂಗಳ 19 ಅಥವಾ 20ನೇ ತಾರೀಕು. ಹತ್ತು ಹನ್ನೆರಡು ದಿನ ಮುಂಚೆ. ಎರಡೇ ದಿನ ಇರುವಾಗ ಕೇಳಿದರೆ ಆ ಕಡೆಯವರು ಅವಸರಕ್ಕೆ ಏನೋ ಒಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಒಂದು ತಿಂಗಳ ಮುಂಚೆ ಕೇಳಿದರೆ ಮಾತಿನ ಬಿಸಿ ಆರಿ, ಕೊನೆಗೆ ನೀವು ಫಲ ತಿಳಿಸುವ ಹೊತ್ತಿಗೆ ಅವರಿಗೆ ಮರೆತೇ ಹೋಗಿರುತ್ತದೆ. ಹೊತ್ತು ರಾತ್ರಿ ಎಂಟರಿಂದ ಒಂಬತ್ತೂವರೆ. ಆಫೀಸಿನ ಗಡಿಬಿಡಿ ಮುಗಿದಿರುತ್ತದೆ. ಹನ್ನೊಂದರ ನಂತರ ಸೀರೆಯ ಬಗ್ಗೆ ಮೆಸೇಜ್ ಬಂದರೆ ಓದುವವರಿಗೆ ಸೀರೆಗಿಂತ ಹೊತ್ತೇ ಮೊದಲು ಕಣ್ಣಿಗೆ ಬೀಳುತ್ತದೆ.

ಮೆಸೇಜ್ ಹೀಗೆ:

"ಒಂದು ಸಹಾಯ ಬೇಕಿತ್ತು. ಅಮ್ಮ 31ಕ್ಕೆ ರಿಟೈರ್ ಆಗ್ತಿದ್ದಾರೆ, ಬೀಳ್ಕೊಡುಗೆ ದಿನ ಉಡೋಕೆ ಒಂದು ಸೀರೆ ಕೊಡಬೇಕು ಅಂತ. ಮೂವತ್ತು ವರ್ಷ ಶಾಲೆಗೆ ಕಾಟನ್ನೇ ಉಟ್ಟವರು, ಭಾರದ್ದು ಕೊಟ್ರೆ ಬೀರುವಿಗೆ ಹೋಗುತ್ತೆ. ಬಜೆಟ್ ಮೂರರಿಂದ ನಾಲ್ಕು ಸಾವಿರ. ಸೀರೆ ವಿಷಯದಲ್ಲಿ ನನಗೆ ಗೊತ್ತಿರೋರಲ್ಲಿ ನಿಮ್ಮಷ್ಟು ಚೆನ್ನಾಗಿ ಮಾತಾಡೋರು ಬೇರೆ ಇಲ್ಲ."

ಇದರಲ್ಲಿರುವುದು ನಾಲ್ಕೇ ಸಂಗತಿ: ಸಂದರ್ಭ ಮತ್ತು ತಾರೀಕು, ಕೊಡಿಸಿಕೊಳ್ಳುವವರ ಸ್ವಭಾವದ ಒಂದು ಗುಣ, ಹಣದ ಮಿತಿ, ಮತ್ತು ಅವಳನ್ನೇ ಕೇಳಿದ ಕಾರಣ. ಹಣ ಹೇಳಲು ಬಹಳ ಜನ ಸಂಕೋಚಪಡುತ್ತಾರೆ. ಮಿತಿ ಹೇಳದೆ ಕೇಳಿದರೆ ಅವಳು ಹನ್ನೆರಡು ಸಾವಿರದ ಮೈಸೂರು ಸಿಲ್ಕ್ ಹೇಳಬಹುದು, ನೀವು ಬೇಡ ಅನ್ನಬೇಕಾಗುತ್ತದೆ. ಕೊಟ್ಟ ಸಲಹೆಯನ್ನು ಬೇಡ ಅನ್ನುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಕೆಟ್ಟ ತಿರುವು. ಅಮ್ಮನ ಬಗ್ಗೆ ಹೇಳಿದ ಒಂದು ವಾಕ್ಯ ಸುಮ್ಮನೆ ಮಾಹಿತಿಯಲ್ಲ. ನೀವು ಮನೆಯವರನ್ನು ಎಷ್ಟು ಗಮನಿಸಿದ್ದೀರಿ ಅನ್ನುವುದು ಅಲ್ಲಿ ಕಾಣುತ್ತದೆ, ಹುಡುಗಿ ಅದನ್ನು ಓದದೆ ಬಿಡುವುದಿಲ್ಲ.

ಮೊದಲ ಮೆಸೇಜಿನಲ್ಲಿ ಇದಕ್ಕಿಂತ ಹೆಚ್ಚಿನ ಚೆಲ್ಲಾಟ ಬೇಡ. ಕಣ್ಣು ಹೊಡೆಯುವ ಎಮೋಜಿ ಇಲ್ಲಿ ಬಂದರೆ ಅಮ್ಮನ ನಿವೃತ್ತಿ ನೆಪ ಅಂತ ಅನ್ನಿಸಿಬಿಡುತ್ತದೆ.

ಅವಳ ಉತ್ತರ: "ಯಾವ ಬಣ್ಣ ಉಡ್ತಾರ ಅವರು? ಮೈಸೂರ್ ಸಿಲ್ಕ್ ಎಲ್ಲಾರೂ ಕೊಡ್ತಾರ, ಇಳಕಲ್ ತಗೋರಿ. ಒಡಲು ಕಾಟನ್, ಸೆರಗು ರೇಷ್ಮಿ. ಸೆರಗಿನ್ಯಾಗ ತೋಪು ತೆನಿ ಇರಬೇಕು ನೋಡ್ರಿ."

ಇಲ್ಲಿ ಹುಡುಗನ ಕೈಗೆ ಎರಡು ಬಾಗಿಲು ಸಿಕ್ಕಿವೆ. ಒಂದು, ಅವಳು ಮರುಪ್ರಶ್ನೆ ಕೇಳಿದ್ದಾಳೆ. ಇನ್ನೊಂದು, ಅವನಿಗೆ ಗೊತ್ತಿಲ್ಲದ ಒಂದು ಪದ ಬಳಸಿದ್ದಾಳೆ. ಬಣ್ಣಕ್ಕೆ ಉತ್ತರ ಕೊಟ್ಟು, ಪದದ ಬಗ್ಗೆ ಕೇಳಬೇಕು: "ಹಸಿರು ಅಂದ್ರೆ ಪ್ರಾಣ. ತೋಪು ತೆನಿ ಅಂದ್ರೇನು? ಅಂಗಡಿಯವರು ಯಾಮಾರಿಸಿದ್ರೆ ನನಗೆ ಗೊತ್ತಾಗಲ್ಲ." ಅವಳು ಹೇಳುತ್ತಾಳೆ: ಕೆಂಪು ಸೆರಗಿನಲ್ಲಿ ಬಿಳಿ ರೇಷ್ಮೆಯಿಂದ ಗೋಪುರದ ಸಾಲಿನಂತೆ ಬರುವ ವಿನ್ಯಾಸ ಅದು, ಒಡಲಿನ ಹಾಸು ಎಳೆಗೂ ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ, ಸೆರಗು ಶುರುವಾಗುವ ಕಡೆ ಆ ಜೋಡಣೆಯನ್ನು ನೋಡಿ ತಗೊಳ್ಳಿ. ಇಷ್ಟು ಹೇಳುವಷ್ಟರಲ್ಲಿ ಅವಳು ಟೈಪ್ ಮಾಡುವುದು ಬಿಟ್ಟು ವಾಯ್ಸ್ ನೋಟ್ ಕಳಿಸಿದರೆ ಅದು ಬಹಳ ಒಳ್ಳೆಯ ಸೂಚನೆ.

ಮಾತಿನೊಳಗಿಂದಲೇ ಹುಟ್ಟುವ ಮುಂದಿನ ಪ್ರಶ್ನೆಗೆ ಹೊಸ ವಿಷಯ ತೆಗೆದು ಕೇಳುವ ಪ್ರಶ್ನೆಗಿಂತ ಹೆಚ್ಚು ಬಲ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲೂ ಇದೇ ಕಂಡಿತು. ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದೆ ಕೇಳುವವರನ್ನು ಜನ ಹೆಚ್ಚು ಇಷ್ಟಪಟ್ಟರು, ಚುಟುಕು ಭೇಟಿಗಳಲ್ಲಿ ಅಂಥವರಿಗೆ ಎರಡನೇ ಭೇಟಿಗೆ ಒಪ್ಪಿಗೆಯೂ ಹೆಚ್ಚು ಸಿಕ್ಕಿತು.

ಅಂಗಡಿಯಿಂದ ಕಳಿಸುವ ಫೋಟೋ

ಅಂಗಡಿಗೆ ಹೋದಾಗ ಹದಿನಾಲ್ಕು ಫೋಟೋ ಒಟ್ಟಿಗೆ ತಳ್ಳುವುದು ಸಾಮಾನ್ಯ ತಪ್ಪು. ಆಯ್ಕೆ ಮಾಡುವ ಕೆಲಸವನ್ನೇ ಅವರ ತಲೆಗೆ ಹಾಕಿದಂತಾಗುತ್ತದೆ. ನೀವು ಆರಿಸಿ ಎರಡಕ್ಕೆ ಇಳಿಸಿ. ಪ್ರತಿಯೊಂದಕ್ಕೂ ಎರಡು ಫೋಟೋ ಸಾಕು: ಒಡಲು ಮತ್ತು ಅಂಚು ಒಂದರಲ್ಲಿ, ಸೆರಗು ಇನ್ನೊಂದರಲ್ಲಿ. ಅಂಗಡಿಯ ಹಳದಿ ದೀಪದಡಿ ಹಸಿರು ಬೇರೆಯಾಗಿಯೇ ಕಾಣುತ್ತದೆ, ಆದ್ದರಿಂದ ಬಾಗಿಲ ಬಳಿ ಬೆಳಕಿಗೆ ತಂದು ತೆಗೆಯಿರಿ. ಹೋಗುವ ಮುಂಚೆ "ಶನಿವಾರ ನಾಲ್ಕು ಗಂಟೆಗೆ ಅಂಗಡಿಯಲ್ಲಿರ್ತೀನಿ, ಒಂದೈದು ನಿಮಿಷ ಫೋನ್ ಹತ್ತಿರ ಇರ್ತೀರಾ?" ಅಂತ ಕೇಳಿಡಬೇಕು. ಹೇಳದೆ ಕೇಳದೆ ಕಳಿಸಿ, ನೀಲಿ ಟಿಕ್ ಬರಲಿಲ್ಲ ಅಂತ ಮೂರು ಸಲ "ಹಲೋ" ಹಾಕಿದರೆ ಅದುವರೆಗಿನ ಸೊಗಸೆಲ್ಲ ಹಾಳು.

ಚೆಲ್ಲಾಟಕ್ಕೆ ಜಾಗ ಇದು. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕೆಲಸದಲ್ಲಿ ತೊಡಗಿದ್ದೀರಿ. ನಾನು ಕಂಡ ಮಟ್ಟಿಗೆ ಚೆನ್ನಾಗಿ ನಡೆಯುವ ತಮಾಷೆಯೆಲ್ಲ ಆಯ್ಕೆಯ ಸುತ್ತಲೇ ತಿರುಗುತ್ತದೆ, ಮೈಮುಖದ ಸುತ್ತ ಹೋಗುವುದಿಲ್ಲ.

"ಎಡಗಡೆದು ನನ್ನ ಆಯ್ಕೆ, ಬಲಗಡೆದು ನಿಮ್ಮ ಪಾಠ ಕೇಳಿ ಆರಿಸಿದ್ದು. ಟೀಚರ್ ಮಗ ಪಾಸಾ?"

"ಬಲಗಡೆದು. ಎಡಗಡೆದು ಯಾರು ತೋರ್ಸಿದ್ರು ನಿಮಗ, ಅಂಚು ನೋಡ್ರಿ ಅದರದು!"

"ಸರಿ, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯ್ತು. ಇನ್ಮೇಲೆ ನಿಮ್ಮ ಕಣ್ಣಲ್ಲೇ ನೋಡೋದು."

ಕೊನೆಯ ಸಾಲು ಚೆಲ್ಲಾಟವೇ, ಆದರೆ ಬೇಕೆಂದರೆ ಬರೀ ಸೀರೆಯ ಮಾತಾಗಿಯೂ ತೆಗೆದುಕೊಳ್ಳಬಹುದು. ಆ ಎರಡರ್ಥ ಉಳಿಯಬೇಕು. ಅವಳು ನಕ್ಕು ಮುಂದುವರಿಸಿದರೆ ಒಂದು ಹೆಜ್ಜೆ ಮುಂದೆ, ಸೀರೆಗಷ್ಟೇ ಉತ್ತರಿಸಿದರೆ ಯಾರಿಗೂ ಮುಜುಗರವಿಲ್ಲದೆ ಅಲ್ಲೇ ನಿಲ್ಲಬಹುದು. ಇಂಥ ಸಾಲು ಒಂದು ಸಂಭಾಷಣೆಗೆ ಒಂದೇ ಇರಲಿ. ಎರಡನೆಯದು ಮೊದಲನೆಯದರ ರುಚಿ ಕೆಡಿಸುತ್ತದೆ. ಅವಸರದಲ್ಲಿ ಏನಾದರೂ ತಪ್ಪಾಗಿ ಕಳಿಸಿದರೆ ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಅಳಿಸಲು ಹೋಗಬೇಡಿ. ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ, ಏನಿತ್ತೋ ಅಂತ ಊಹಿಸಲು ಬಿಡುವುದಕ್ಕಿಂತ ಕಾಗುಣಿತ ತಪ್ಪಿದ ಸಾಲೇ ವಾಸಿ.

ಫಲ ತಿಳಿಸುವುದು

ಸೀರೆ ಕೊಟ್ಟ ದಿನವೇ, ಅಥವಾ ತಡವೆಂದರೆ ಮರುದಿನ ಬೆಳಗ್ಗೆ ಮೆಸೇಜ್ ಹೋಗಬೇಕು. "ಅಮ್ಮನಿಗೆ ತುಂಬಾ ಇಷ್ಟ ಆಯ್ತು, ಥ್ಯಾಂಕ್ಯೂ ಸೋ ಮಚ್" ಅನ್ನುವುದು ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ವಾಕ್ಯ. ಅಲ್ಲಿ ನಡೆದದ್ದರಲ್ಲಿ ಒಂದು ಸಣ್ಣ ಘಟನೆ ಎತ್ತಿ ಹೇಳಿ: ಅಮ್ಮ ಸೆರಗು ಬಿಚ್ಚಿ ಮೊದಲು ಏನಂದರು, ಸಮಾರಂಭದಲ್ಲಿ ಯಾವ ಟೀಚರ್ ಸೆರಗು ಹಿಡಿದು ನೋಡಿದರು.

ಹುಡುಗ ಕಳಿಸಿದ್ದು ಹೀಗೆ: "ಅಮ್ಮ ಸೆರಗು ನೋಡಿದ ತಕ್ಷಣ 'ಇದು ನೀನು ಆರಿಸಿದ್ದಲ್ಲ, ಯಾರು ಹೇಳಿದ್ದು?' ಅಂದ್ರು. ಒಬ್ಬರು ಫ್ರೆಂಡ್ ಅಂದೆ. ಅವರು ನಂಬಿದ ಹಾಗೆ ಕಾಣ್ಲಿಲ್ಲ. ಮುಂದಿನ ಸಲ ಕೇಳಿದ್ರೆ ಯಾರು ಅಂತ ಹೇಳಲಿ?"

ಇದಕ್ಕಿಂತ ಒಳ್ಳೆಯ ಚೆಲ್ಲಾಟದ ಸಾಲು ಹುಡುಕಿದರೂ ಸಿಗದು, ಯಾಕೆಂದರೆ ಇದು ನಡೆದದ್ದು. ಪ್ರಶ್ನೆ ಅವಳ ಅಂಗಳದಲ್ಲಿದೆ. "ಫ್ರೆಂಡ್ ಅಂತನ ಹೇಳ್ರಿ" ಅಂದರೆ ಅದು ಒಂದು ಉತ್ತರ, ಗೌರವಿಸಬೇಕು. "ಇಳಕಲ್ ಎಕ್ಸ್‌ಪರ್ಟ್ ಅಂತ ಹೇಳ್ರಿ" ಅಂತ ನಕ್ಕರೆ ದಾರಿ ತೆರೆದಿದೆ. "ನೀವs ಹೇಳ್ರಿ, ಯಾರು ಅಂತ ಹೇಳ್ತೀರಿ?" ಅಂತ ತಿರುಗಿಸಿದರೆ ಮುಂದಿನ ಮಾತಿಗೆ ಮಾರ್ಗದರ್ಶಿ ಬೇಕಾಗಿಲ್ಲ.

ಅಮ್ಮನ ಫೋಟೋ ಕಳಿಸುವುದಾದರೆ ಅವರನ್ನು ಕೇಳಿ ಕಳಿಸಿ, ಒಂದೇ ಕಳಿಸಿ. ಸಹಾಯಕ್ಕೆ ಪ್ರತಿಯಾಗಿ ಹುಡುಗಿಗೇ ದುಬಾರಿ ಉಡುಗೊರೆ ಕೊಡುವ ಯೋಚನೆ ಬಂದರೆ ತಡೆಯಿರಿ. ಸ್ನೇಹದಿಂದ ಕೊಟ್ಟ ಸಲಹೆಗೆ ಬೆಲೆ ಕಟ್ಟಿದಂತಾಗುತ್ತದೆ, ಹೊರೆಯೂ ಆಗುತ್ತದೆ. ಬೀಳ್ಕೊಡುಗೆಯಲ್ಲಿ ಹಂಚಿದ ಮೈಸೂರು ಪಾಕಿನಲ್ಲಿ ಒಂದು ಡಬ್ಬಿ ಎತ್ತಿಟ್ಟು ಕೊಟ್ಟರೆ ಸಾಕಷ್ಟಾಯಿತು.

ಸಿನಿಮಾ: ಇಂಟರ್ವಲ್ಲಿನ ಉಪಯೋಗ

ಉಡುಗೊರೆಯ ಸುತ್ತು ಮುಗಿಯಲು ಹತ್ತು ದಿನ ಬೇಕು, ಸಿನಿಮಾದ್ದು ಒಂದೇ ಸಂಜೆ. ಆದ್ದರಿಂದ ಇದನ್ನು ಎರಡನೆಯದಾಗಿ ಇಟ್ಟುಕೊಳ್ಳಿ, ಸೀರೆಯ ಮಾತು ಮುಗಿದು ಒಂದು ವಾರವಾದ ಮೇಲೆ.

"ಒಳ್ಳೆ ಮೂವಿ ಇದ್ರೆ ಹೇಳಿ" ಅನ್ನುವ ಪ್ರಶ್ನೆಗೆ ಎರಡು ಗತಿ: ಐದು ಹೆಸರಿನ ಪಟ್ಟಿ, ಇಲ್ಲವೇ ಒಂದು ಲಿಂಕ್. ಎರಡರಲ್ಲೂ ಮಾತಿಲ್ಲ. ಚೌಕಟ್ಟು ಹಾಕಿ ಕೇಳಿ: "ಭಾನುವಾರ ಸಂಜೆ ಅಮ್ಮನ ಜೊತೆ. ಎರಡೂವರೆ ಗಂಟೆ ದಾಟಿದ್ರೆ ಅವರಿಗೆ ಬೆನ್ನು ನೋವು, ರಕ್ತ ಕಂಡ್ರೆ ಕಣ್ಣು ಮುಚ್ಕೋತಾರೆ. ಈ ಎರಡರಲ್ಲಿ ಯಾವುದು?" ಅಂತ ಎರಡು ಹೆಸರು ಕೊಡಿ. ಅವಳು ಮೂರನೆಯದು ಹೇಳಿದರೆ ಅದನ್ನೇ ನೋಡಿ. ಹೇಳಿದ್ದನ್ನು ನೋಡದೆ ಬೇರೆ ನೋಡಿ ಬಂದರೆ ಮುಂದೆ ಅವಳು ಸಲಹೆ ಕೊಡುವುದಿಲ್ಲ, ಕೊಟ್ಟರೂ ಮನಸ್ಸಿಟ್ಟು ಕೊಡುವುದಿಲ್ಲ.

ನಮ್ಮ ಥಿಯೇಟರುಗಳಲ್ಲಿ ಇಂಟರ್ವಲ್ ಇದೆಯಲ್ಲ, ಅದು ಇಂಥ ಮಾತಿಗೆಂದೇ ಮಾಡಿದಂತಿದೆ. ಕಥೆ ಗಂಟಾಗಿ ನಿಂತಿರುತ್ತದೆ, ನಿಮಗೆ ಹತ್ತು ನಿಮಿಷ ಬಿಡುವು, ಅವಳಿಗೆ ಮುಂದೇನಾಗುತ್ತದೆಂದು ಗೊತ್ತು. ಒಂದೇ ಮೆಸೇಜ್ ಹಾಕಿ, ಅದರಲ್ಲಿ ಒಂದು ಊಹೆ ಇರಲಿ: "ಆ ಸೋದರಮಾವನ ಮೇಲೆ ನನಗೆ ಡೌಟು. ಹೌದೋ ಅಲ್ವೋ ಹೇಳಬೇಡಿ." ಹೇಳಬೇಡಿ ಅಂದ ಮೇಲೂ ಅವಳು ಏನೋ ಒಂದು ಹೇಳಿಯೇ ಹೇಳುತ್ತಾಳೆ, ಬಾಯಿಗೆ ಬೀಗ ಹಾಕಿದ ಎಮೋಜಿಯಾದರೂ ಬರುತ್ತದೆ. ಸಿನಿಮಾ ನಡೆಯುವಾಗ ಮಾತ್ರ ಫೋನ್ ತೆಗೆಯಬೇಡಿ. ಪಕ್ಕದವರಿಗೂ ಕಿರಿಕಿರಿ, ಅವಳು ಹೇಳಿದ ಸಿನಿಮಾವನ್ನು ನೀವು ಪೂರ್ತಿ ನೋಡಲಿಲ್ಲ ಅಂತಲೂ ಆಗುತ್ತದೆ.

ಮುಗಿದ ಮೇಲೆ ಎರಡನೇ ಮೆಸೇಜ್, ಅವತ್ತೇ ರಾತ್ರಿ. ಸಿನಿಮಾ ಇಷ್ಟವಾಗದಿದ್ದರೆ ಸುಳ್ಳು ಹೇಳಬೇಡಿ. "ಸೂಪರ್" ಅಂದರೆ ಅವಳು "ಯಾವ ಸೀನ್ ಇಷ್ಟ ಆತು?" ಅನ್ನುತ್ತಾಳೆ, ಆಗ ಸಿಕ್ಕಿಬೀಳುತ್ತೀರಿ. ಇಷ್ಟವಾದ ಒಂದು ದೃಶ್ಯ ಮೊದಲು ಹೇಳಿ, ಆಮೇಲೆ ತಕರಾರು: "ಅಡುಗೆಮನೆ ಜಗಳ ನಮ್ಮ ಮನೆದೇ. ಎರಡನೇ ಅರ್ಧದಲ್ಲಿ ಹಾಡು ಯಾಕೆ ಬಂತೋ ಗೊತ್ತಾಗ್ಲಿಲ್ಲ, ನೀವೇ ವಕಾಲತ್ತು ಮಾಡಿ." ಒಪ್ಪಿಗೆಗಿಂತ ಇಂಥ ಸಣ್ಣ ಜಗಳ ಹೆಚ್ಚು ಹೊತ್ತು ನಡೆಯುತ್ತದೆ.

ನೀವು, ನೀನು

ಎಷ್ಟು ಹತ್ತಿರವಾಗಿದ್ದೀರಿ ಎಂದು ತಿಳಿಯಲು ಕನ್ನಡದಲ್ಲಿ ಬೇರೆ ಅಳತೆಗೋಲು ಬೇಡ. "ನೀವು" ಇಂದ "ನೀನು"ಗೆ ಯಾರು ಯಾವಾಗ ಇಳಿದರು ಅನ್ನುವುದೇ ಸಾಕು. ನೀವಾಗಿ ಇಳಿಯಬೇಡಿ. ತಮಾಷೆಯ ರಭಸದಲ್ಲಿ ಅವಳು ಒಮ್ಮೆ "ಹೋಗೋ" ಅಂದುಬಿಟ್ಟರೆ ಅದನ್ನು ಎತ್ತಿ ಆಡಿಸದೆ ಮುಂದಿನ ಮೆಸೇಜಿನಲ್ಲಿ ಸಹಜವಾಗಿ ಏಕವಚನಕ್ಕೆ ಬನ್ನಿ. ಉತ್ತರ ಕರ್ನಾಟಕದವರ "ರೀ" ನೋಡಿ ದೂರ ಇಟ್ಟಿದ್ದಾರೆಂದು ಬೇಸರಪಡಬೇಕಾಗಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಅದು ಆಪ್ತರೊಡನೆಯೂ ಬರುವ ಮಾತು. ಹಾಗೆಂದು ಅವಳ ಮಾತಿನ ಧಾಟಿಯನ್ನು ನಕಲು ಮಾಡಿ ಟೈಪ್ ಮಾಡಬೇಡಿ, ಹತ್ತರಲ್ಲಿ ಎಂಟು ಸಲ ಅದು ಅಣಕದಂತೆ ಕೇಳುತ್ತದೆ.

ಬೇಡ ಅನ್ನುವುದು ಹೇಗೆ ಕಾಣುತ್ತದೆ

ಆಸಕ್ತಿ ಇಲ್ಲದವರು ಒರಟಾಗಿ ಹೇಳುವುದು ಕಡಿಮೆ. ಉತ್ತರ ಬರುತ್ತದೆ, ಮರುಪ್ರಶ್ನೆ ಬರುವುದಿಲ್ಲ. "ನನಗೆ ಅಷ್ಟು ಗೊತ್ತಿಲ್ಲ, ಅಂಗಡಿಯಲ್ಲೇ ಕೇಳಿ" ಅನ್ನುತ್ತಾರೆ. ನೀವು ಫಲ ತಿಳಿಸಿದಾಗ ಒಂದು ಹೃದಯದ ಗುರುತು ಒತ್ತಿ ಸುಮ್ಮನಾಗುತ್ತಾರೆ. ಒಂದು ಸಲ ಹೀಗಾದರೆ ಕೆಲಸದ ಒತ್ತಡವಿರಬಹುದು. ಎರಡು ಬೇರೆ ಬೇರೆ ಸಲ ಕೇಳಿದಾಗಲೂ ಹೀಗೇ ಆದರೆ ಮೂರನೇ ಸಲಹೆ ಕೇಳಬೇಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಈ ರೀತಿ ಕೇಳಲೇಬೇಡಿ. ಅವರು ಉತ್ತರಿಸುವುದು ಇಷ್ಟದಿಂದಲೋ ಭಯದಿಂದಲೋ ನಿಮಗೆ ತಿಳಿಯುವ ದಾರಿಯೇ ಇಲ್ಲ. ಕೆಲಸದ ಜಾಗದಲ್ಲಿ ಬೇಡದ ಇಂಥ ಮಾತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರಬಹುದು.

ಎಲ್ಲ ಚೆನ್ನಾಗಿ ನಡೆದಿದ್ದರೆ ಒಂದು ಹಂತದಲ್ಲಿ ಸಲಹೆಯ ನೆಪ ಬಿಡಬೇಕು. ನಾಲ್ಕನೇ ಸಿನಿಮಾಕ್ಕೂ ಸಲಹೆ ಕೇಳುತ್ತ ಕೂತರೆ ಇದು ಅಭ್ಯಾಸವಾಗಿ ಉಳಿದುಬಿಡುತ್ತದೆ. ನೇರವಾಗಿ, ದಿನ ಮತ್ತು ಹೊತ್ತು ಹೇಳಿ: "ಮುಂದಿನದು ನೀವು ಹೇಳಿ ನಾನು ನೋಡೋದು ಬೇಡ, ಒಟ್ಟಿಗೆ ನೋಡೋಣ್ವಾ? ಶನಿವಾರ ಸಂಜೆ ಆರೂವರೆ ಶೋ. ಆಗಲ್ಲ ಅಂದ್ರೂ ಏನೂ ತೊಂದರೆ ಇಲ್ಲ."

"ನೋಡೋಣ" ಅಂದರೆ ಏನರ್ಥ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಗುರುತು ಇದೆ. "ಶನಿವಾರ ಆಗಂಗಿಲ್ಲ, ಭಾನುವಾರ ನೋಡೋಣ" ಅಂತ ಬೇರೆ ದಿನ ಜೊತೆಗೆ ಬಂದರೆ ಅದು ಹೌದು. ದಿನವಿಲ್ಲದ ಬರೀ "ನೋಡೋಣ, ಹೇಳ್ತೀನಿ" ನಮ್ಮಲ್ಲಿ ಮರ್ಯಾದೆಯ ಬೇಡ. ಅದಕ್ಕೆ "ಆಯ್ತು" ಅಂತ ಒಂದೇ ಪದ ಬರೆಯಿರಿ, ಶುಕ್ರವಾರ ನೆನಪಿಸಬೇಡಿ, ಟಿಕೆಟ್ ಬುಕ್ ಮಾಡಿಟ್ಟಿದ್ದೇನೆ ಅನ್ನಬೇಡಿ. ಗುಂಪಿನಲ್ಲಿ ಮತ್ತೆ ಸಿಕ್ಕಾಗ ಅಮ್ಮ ಆ ಇಳಕಲ್ ಸೀರೆಯನ್ನು ಎರಡನೇ ಸಲ ಉಟ್ಟದ್ದನ್ನು ಮೊದಲಿನ ಹಾಗೆಯೇ ಹೇಳಬಹುದು.